ಎಡ ತಿರುವಲ್ಲಿ ಮಾತ್ರ ಸತ್ತುಹೋಗುವ ಥ್ರಾಟಲ್: ವಾಲುವ ಕೋನದ ಸೆನ್ಸರ್ ದೋಷ ಹುಡುಕುವ ಬಗೆ

ಹೋದ ಅಕ್ಟೋಬರ್‌ನಲ್ಲಿ ಪರಿಚಯದ ಹುಡುಗನೊಬ್ಬ ಬೈಕ್ ತಂದು ನಿಲ್ಲಿಸಿದ. ವಾರಕ್ಕೊಮ್ಮೆ ಮೂಡಿಗೆರೆಯಿಂದ ಉಜಿರೆಗೆ ಚಾರ್ಮಾಡಿ ಘಾಟಿ ಇಳಿದು ಹತ್ತುವವನು. "ಅಣ್ಣಾ, ಘಾಟಿ ಹತ್ತುವಾಗ ಎಡಕ್ಕೆ ತಿರುಗಿದ್ರೆ ಥ್ರಾಟಲ್ ಸತ್ತೇ ಹೋಗತ್ತೆ. ಮೀಟರಲ್ಲಿ ಟಿಸಿ ದೀಪ ಪಟಪಟ ಅನ್ನತ್ತೆ. ಬಲಕ್ಕೆ ಏನೂ ತೊಂದರೆ ಇಲ್ಲ, ಚೆನ್ನಾಗಿ ಎಳೆಯತ್ತೆ" ಅಂದ. ಟಿಸಿ ಅಂದರೆ ಟ್ರ್ಯಾಕ್ಷನ್ ಕಂಟ್ರೋಲ್, ಹಿಂದಿನ ಚಕ್ರ ಜಾರದ ಹಾಗೆ ಎಂಜಿನ್ ಶಕ್ತಿ ಕತ್ತರಿಸುವ ವ್ಯವಸ್ಥೆ. ಬೇರೆ ಕಡೆ ತೋರಿಸಿದಾಗ ವಾಲುವ ಕೋನದ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು ಎಂದಿದ್ದರಂತೆ. ಅದರ ಬೆಲೆ ಕೇಳಿ ಇವನು ಇಲ್ಲಿಗೆ ಬಂದಿದ್ದ.

ಈ ದೂರಿನಲ್ಲಿ ಒಂದು ಮಾತು ಬಹಳ ಮುಖ್ಯ. ಎಡಕ್ಕೆ ಮಾತ್ರ, ಬಲಕ್ಕೆ ಇಲ್ಲ. ಅರ್ಧ ಪತ್ತೆ ಕೆಲಸ ಅಲ್ಲೇ ಮುಗಿದಿತ್ತು. ಅದು ಯಾಕೆ ಎಂದು ತಿಳಿಯಬೇಕಾದರೆ, ಬೈಕಿಗೆ ತಾನು ವಾಲಿದ್ದೇನೆ ಎಂದು ಗೊತ್ತಾಗುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ತೂಗುಗುಂಡು ಇಲ್ಲಿ ಕೆಲಸಕ್ಕೆ ಬರುವುದಿಲ್ಲ

ಗೋಡೆ ನೆಟ್ಟಗಿದೆಯಾ ಎಂದು ನೋಡಲು ಗಾರೆಯವರು ತೂಗುಗುಂಡು ಬಿಡುತ್ತಾರೆ. ಬೈಕಿನಲ್ಲೂ ಹಾಗೇ ಒಂದು ಪುಟ್ಟ ತೂಗುಗುಂಡು ಇಟ್ಟರೆ ಸಾಕಲ್ವಾ ಅನ್ನಿಸುತ್ತದೆ. ಸಾಲುವುದಿಲ್ಲ. ಘಾಟಿಯಲ್ಲಿ ಬಸ್ಸು ತಿರುಗಿದಾಗ ನಾವು ಪಕ್ಕದವರ ಮೇಲೆ ಬೀಳುತ್ತೇವೆ. ಅದೇ ತಿರುವಿನಲ್ಲಿ ಬೈಕಿನ ಹಿಂದೆ ಕೂತವರು ಪಕ್ಕಕ್ಕೆ ಜಾರುವುದಿಲ್ಲ, ಸೀಟಿಗೇ ಒತ್ತಿಕೊಳ್ಳುತ್ತಾರೆ. ಭೂಮಿಯ ಎಳೆತ ಮತ್ತು ತಿರುವಿನ ತಳ್ಳಾಟ ಎರಡೂ ಸೇರಿ ಆದ ಬಲ ಬೈಕಿನ ನಡು ಗೆರೆಯಲ್ಲೇ ಕೆಳಗೆ ಹೋಗುವಷ್ಟು ನಾವು ವಾಲಿರುತ್ತೇವೆ. ಅದಕ್ಕೇ ತಾನೇ ಬೀಳದೆ ಇರುವುದು. ಬೈಕಿಗೆ ಕಟ್ಟಿದ ತೂಗುಗುಂಡು ಕೂಡ ಆ ಗೆರೆಯಲ್ಲೇ ನಿಲ್ಲುತ್ತದೆ. 30 ಡಿಗ್ರಿ ವಾಲಿದ್ದರೂ "ನೆಟ್ಟಗಿದ್ದೇವೆ" ಎಂದೇ ಹೇಳುತ್ತದೆ.

ಆದ್ದರಿಂದ ಐಎಂಯು ಎಂಬ ಪೆಟ್ಟಿಗೆಯಲ್ಲಿ ಎರಡು ಜಾತಿಯ ಸೆನ್ಸರ್ ಇರುತ್ತವೆ. ಒಂದು ಗೈರೋ. ಬೈಕ್ ಎಷ್ಟು ಬೇಗ ವಾಲುತ್ತಿದೆ, ಎಷ್ಟು ಬೇಗ ತಿರುಗುತ್ತಿದೆ ಎಂದು ಅದು ಅಳೆಯುತ್ತದೆ. ಇನ್ನೊಂದು ವೇಗವರ್ಧನೆ ಅಳೆಯುವುದು. ಮೂರು ದಿಕ್ಕಿಗೆ ಅದು ಮೂರು, ಇದು ಮೂರು. ಆರು ಆಕ್ಸಿಸ್ ಎಂದು ಕಂಪನಿಯವರು ಹೇಳುವುದು ಇದನ್ನೇ. ವಾಲುವ ಕೋನವನ್ನು ಇದರಲ್ಲಿ ಯಾವುದೂ ನೇರವಾಗಿ ಅಳೆಯುವುದಿಲ್ಲ. ಅದು ಲೆಕ್ಕ ಹಾಕಿ ಬರುವ ಅಂಕಿ. ಗೈರೋ ಹೇಳಿದ್ದನ್ನು ಕ್ಷಣ ಕ್ಷಣಕ್ಕೂ ಕೂಡುತ್ತಾ ಹೋದರೆ ಕೋನ ಸಿಗುತ್ತದೆ, ಆದರೆ ಅದರಲ್ಲಿನ ಸಣ್ಣ ತಪ್ಪೂ ಜೊತೆಗೇ ಕೂಡುತ್ತಾ ಹೋಗುತ್ತದೆ. ಆ ತಪ್ಪನ್ನು ತಿದ್ದಲು ಈ ಸಂಬಂಧವನ್ನು ಬಳಸುತ್ತಾರೆ:

```
tan φ = v × ω / g
```

φ ವಾಲಿದ ಕೋನ, v ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ವೇಗ, ω ಸೆಕೆಂಡಿಗೆ ರೇಡಿಯನ್ ಲೆಕ್ಕದಲ್ಲಿ ಬೈಕ್ ತಿರುಗುವ ವೇಗ, g ಅಂದರೆ 9.8. ನಮ್ಮ ಹುಡುಗನ ಹೇರ್‌ಪಿನ್ ತಿರುವನ್ನೇ ತೆಗೆದುಕೊಳ್ಳಿ. ತ್ರಿಜ್ಯ 12 ಮೀಟರ್, ವೇಗ 30 ಕಿ.ಮೀ, ಅಂದರೆ ಸೆಕೆಂಡಿಗೆ 8.3 ಮೀಟರ್. ಬೈಕ್ ಸೆಕೆಂಡಿಗೆ ಸುಮಾರು 40 ಡಿಗ್ರಿ, ಅಂದರೆ 0.69 ರೇಡಿಯನ್ ತಿರುಗುತ್ತದೆ. ಲೆಕ್ಕ ಹಾಕಿದರೆ ಕೋನ 30 ಡಿಗ್ರಿಯ ಹತ್ತಿರ ಬರುತ್ತದೆ. ಟೈರಿಗೆ ಅಗಲ ಇರುವುದರಿಂದ ನಿಜವಾಗಿ ಒಂದೆರಡು ಡಿಗ್ರಿ ಜಾಸ್ತಿ ವಾಲಬೇಕಾಗುತ್ತದೆ, ಅದನ್ನು ಸದ್ಯಕ್ಕೆ ಬಿಡೋಣ.

ಗಮನಿಸಿ, ಆ ಲೆಕ್ಕದಲ್ಲಿ ವೇಗವೂ ಇದೆ. ವೇಗ ಬರುವುದು ಚಕ್ರದ ಸೆನ್ಸರ್‌ನಿಂದ. ಆದ್ದರಿಂದ ವಾಲುವ ಕೋನ ತಪ್ಪಾಗಿದೆ ಎಂದಾಕ್ಷಣ ಐಎಂಯು ಕೆಟ್ಟಿದೆ ಅನ್ನುವ ಹಾಗಿಲ್ಲ.

ಆ ಅಂಕಿಯಿಂದ ಬೈಕ್ ಏನು ಮಾಡುತ್ತದೆ

ಟೈರಿನ ಹಿಡಿತ ಒಂದು ಗಂಟಿನಲ್ಲಿರುವ ದುಡ್ಡಿನ ಹಾಗೆ. ತಿರುವಿಗೆ ಅಷ್ಟು ಕೊಟ್ಟರೆ ಬ್ರೇಕಿಗೋ ಎಳೆತಕ್ಕೋ ಉಳಿದದ್ದು ಇಷ್ಟೇ. ಒಣ ರಸ್ತೆಯಲ್ಲಿ ಒಟ್ಟು ಹಿಡಿತ 1 ಎಂದಿಟ್ಟುಕೊಂಡರೆ, 30 ಡಿಗ್ರಿ ವಾಲಿದಾಗ ತಿರುವಿಗೆ 0.58 ಹೋಗುತ್ತದೆ. ತಿರುವಿಗೆ ಹೋಗುವ ಹಿಡಿತ, ಬ್ರೇಕಿಗೋ ಎಳೆತಕ್ಕೋ ಹೋಗುವ ಹಿಡಿತ ಒಂದಕ್ಕೊಂದು ಅಡ್ಡ ದಿಕ್ಕಿನವು. ಹಾಗಾಗಿ ಸುಮ್ನೆ ಕಳೆಯುವ ಹಾಗಿಲ್ಲ, ವರ್ಗ ಮಾಡಿ ಕಳೆಯಬೇಕು. ಆಗ ಉಳಿಯುವುದು 0.82. ಮಳೆಯಲ್ಲಿ ಒಟ್ಟು ಹಿಡಿತವೇ 0.7 ಆದರೆ ಅದೇ ಕೋನದಲ್ಲಿ ಉಳಿಯುವುದು 0.40 ಮಾತ್ರ.

ಟ್ರ್ಯಾಕ್ಷನ್ ಕಂಟ್ರೋಲ್ ಮುಂದಿನ ಮತ್ತು ಹಿಂದಿನ ಚಕ್ರದ ವೇಗವನ್ನು ಹೋಲಿಸುತ್ತಾ ಇರುತ್ತದೆ. ಹಿಂದಿನದು ಜಾಸ್ತಿ ಸುತ್ತಿದರೆ ಜಾರುತ್ತಿದೆ ಎಂದರ್ಥ. ಎಷ್ಟು ಜಾರಲು ಬಿಡಬಹುದು ಎಂಬ ಮಿತಿಯನ್ನು ವಾಲಿದ ಕೋನ ನೋಡಿ ಇಳಿಸುತ್ತದೆ. ಜಾಸ್ತಿ ವಾಲಿದ್ದರೆ ಸ್ವಲ್ಪ ಜಾರಿದರೂ ಎಂಜಿನ್ ಶಕ್ತಿ ಕತ್ತರಿಸುತ್ತದೆ. ಕೋನ ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಟೈರ್ ದುಂಡಗಿರುವುದರಿಂದ ವಾಲಿದಾಗ ಅಂಚಿನ ಮೇಲೆ ಓಡುತ್ತದೆ, ಅಲ್ಲಿ ಸುತ್ತಳತೆ ಕಮ್ಮಿ. ಹಿಂದಿನ ಟೈರ್ ಅಗಲ ಇರುವುದರಿಂದ ಅದರಲ್ಲಿ ಈ ಕಮ್ಮಿ ಇನ್ನೂ ಜಾಸ್ತಿ. ಚೂರೂ ಜಾರದೆ ಇದ್ದರೂ ಹಿಂದಿನ ಚಕ್ರ ಒಂದೆರಡು ಪರ್ಸೆಂಟ್ ಜಾಸ್ತಿ ಸುತ್ತಿದಂತೆ ಕಾಣುತ್ತದೆ. ಕೋನ ಗೊತ್ತಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಇದನ್ನು ಕಳೆದು ನೋಡುತ್ತದೆ.

ಕಾರ್ನರಿಂಗ್ ಎಬಿಎಸ್ ಬ್ರೇಕಿನಲ್ಲಿ ಇದೇ ತರಹದ ಕೆಲಸ ಮಾಡುತ್ತದೆ. ವಾಲಿದಾಗ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದರೆ ಎರಡು ಅನಾಹುತ. ಒಂದೋ ಚಕ್ರ ಜಾರುತ್ತದೆ, ಇಲ್ಲವೇ ಹ್ಯಾಂಡಲ್ ತಿರುಚಿಕೊಂಡು ಬೈಕ್ ತಾನಾಗಿ ಎದ್ದು ನಿಂತು ನೆಟ್ಟಗೆ ಎದುರು ಸಾಲಿಗೆ ಹೋಗುತ್ತದೆ. ಅದಕ್ಕೇ ಇದು ಒತ್ತಡ ಏರುವ ವೇಗವನ್ನೇ ನಿಧಾನ ಮಾಡುತ್ತದೆ. ಚಕ್ರ ಲಾಕ್ ಆಗುವ ತನಕ ಕಾಯುವುದಿಲ್ಲ. ಬಾಷ್‌ನ ಈ ವ್ಯವಸ್ಥೆ ಮೊದಲು ಬಂದದ್ದು 2013ರಲ್ಲಿ, ಕೆಟಿಎಂ 1190 ಅಡ್ವೆಂಚರ್‌ನಲ್ಲಿ. ನಮ್ಮಲ್ಲಿ 2020ರ ಜನವರಿಯಲ್ಲಿ 390 ಅಡ್ವೆಂಚರ್ ಬಂದಮೇಲೆ ನಮ್ಮಂಥ ಸಣ್ಣ ಗ್ಯಾರೇಜುಗಳಿಗೂ ಈ ಪೆಟ್ಟಿಗೆಯ ಪರಿಚಯ ಆಗತೊಡಗಿತು.

ಒಂದು ಗೊಂದಲ ಇಲ್ಲೇ ತೆಗೆದುಬಿಡುತ್ತೇನೆ. ಬೈಕ್ ಬಿದ್ದರೆ ಎಂಜಿನ್ ಆಫ್ ಮಾಡುವ ಹಳೆಯ ಟಿಪ್-ಓವರ್ ಸೆನ್ಸರ್ ಬೇರೆ. ಅದಕ್ಕೆ ಗೊತ್ತಿರುವುದು ಬಿದ್ದಿದೆಯಾ ಇಲ್ಲವಾ ಅಷ್ಟೇ. ಕೆಲವು ಬೈಕುಗಳಲ್ಲಿ ಐಎಂಯು ಆ ಕೆಲಸವನ್ನೂ ಮಾಡುತ್ತದೆ, ಕೆಲವಲ್ಲಿ ಎರಡೂ ಬೇರೆ ಬೇರೆ ಇರುತ್ತವೆ. ಬಿಚ್ಚುವ ಮೊದಲು ಯಾವುದು ಯಾವುದೆಂದು ಸರ್ವಿಸ್ ಪುಸ್ತಕದಲ್ಲಿ ನೋಡಿಕೊಳ್ಳಿ.

ಸ್ಕ್ಯಾನ್ ಟೂಲ್ ಹಚ್ಚುವ ಮೊದಲು ಕೇಳಬೇಕಾದ್ದು

ಮೊದಲ ಪ್ರಶ್ನೆ, ದೀಪ ಮಿನುಗುತ್ತದಾ ಅಥವಾ ಉರಿದೇ ಇರುತ್ತದಾ? ಓಡಿಸುವಾಗ ಟಿಸಿ ದೀಪ ಪಟಪಟ ಮಿನುಗಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ, ಅಂದರೆ ಶಕ್ತಿ ಕತ್ತರಿಸುತ್ತಿದೆ. ಉರಿದೇ ಇದ್ದರೆ ಅದು ತನ್ನನ್ನು ತಾನೇ ಆಫ್ ಮಾಡಿಕೊಂಡಿದೆ, ಒಳಗೆ ಟೂಲ್ ಓದಬಲ್ಲ ದೋಷದ ಕೋಡ್ ಇರುತ್ತದೆ. ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋಗುವ ತನಕ ಎಬಿಎಸ್ ದೀಪ ಮಿನುಗುವುದು ದೋಷ ಅಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಗೇರಿನಲ್ಲಿ ಹಿಂದಿನ ಚಕ್ರ ಓಡಿಸಿದ ಮೇಲೆ ದೀಪ ಹತ್ತಿದರೂ ಗಾಬರಿ ಬೇಡ. ಮುಂದಿನದು ನಿಂತಿದೆ, ಹಿಂದಿನದು ಓಡುತ್ತಿದೆ, ಬೈಕಿಗೆ ತಲೆಕೆಟ್ಟಿದೆ ಅಷ್ಟೇ. ಕೀ ಆಫ್ ಮಾಡಿ ಆನ್ ಮಾಡಿ, ನಾಲ್ಕು ಮಾರು ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಚೈನ್ ತೊಳೆದ ದಿನವೇ ಹೀಗೆ ಆಯಿತೆಂದು ಫೋನ್ ಮಾಡುವವರು ಬಹಳ.

ಎರಡನೇ ಪ್ರಶ್ನೆಯೇ ಈ ಬರಹದ ತಿರುಳು. ಎರಡೂ ಕಡೆ ಆಗುತ್ತದಾ, ಒಂದೇ ಕಡೆಯಾ?

ಎರಡೂ ಕಡೆ ಒಂದೇ ತರಹ ಆದರೆ ಚಕ್ರದ ಕಡೆ ನೋಡಿ. ಟೈರ್ ಅಳತೆ ಬದಲಾಗಿರಬಹುದು, ಸವೆದಿರಬಹುದು, ಗಾಳಿ ಕಮ್ಮಿ ಇರಬಹುದು, ಸೆನ್ಸರ್ ರಿಂಗ್ ಬಾಗಿರಬಹುದು. ಚಕ್ರಕ್ಕೆ ಎಡ ಬಲ ಗೊತ್ತಿಲ್ಲ. ವೇಗ ತಪ್ಪಾದರೆ ಎರಡೂ ಕಡೆ ಒಂದೇ ಸಮ ತಪ್ಪಾಗುತ್ತದೆ.

ಒಂದೇ ಕಡೆ ಆದರೆ ಐಎಂಯು ಕೂತ ಭಂಗಿ ನೋಡಿ. ಪೆಟ್ಟಿಗೆ ಬೈಕಿಗಿಂತ ಎಡಕ್ಕೆ 5 ಡಿಗ್ರಿ ಓರೆಯಾಗಿ ಕೂತಿದ್ದರೆ, ಅದು ಹೇಳುವುದು ಬೈಕಿನ ಕೋನ ಅಲ್ಲ, ತನ್ನ ಕೋನ. ಎಡಕ್ಕೆ 30 ವಾಲಿದಾಗ 35 ಅನ್ನುತ್ತದೆ, ಬಲಕ್ಕೆ 30 ವಾಲಿದಾಗ 25 ಅನ್ನುತ್ತದೆ.

ವಾಲಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲದೆ, ಗುಂಡಿ ಹಾರಿದಾಗಲೋ ಒಂದು ಆರ್‌ಪಿಎಂನಲ್ಲೋ ದೀಪ ಹತ್ತಿ ಉಳಿದರೆ ವೈರು, ಕನೆಕ್ಟರ್, ಇಲ್ಲವೇ ಅಲುಗಾಡುವ ಪೆಟ್ಟಿಗೆ. ಕೋಡ್ C ಅಕ್ಷರದಿಂದ ಶುರುವಾದರೆ ಸೆನ್ಸರ್ ಮತ್ತು ಬ್ರೇಕ್ ಕಡೆಯದು. U ಅಕ್ಷರದ್ದಾದರೆ ಪೆಟ್ಟಿಗೆಗಳ ನಡುವೆ ಮಾತುಕತೆ ನಿಂತಿದೆ. ಆಗ ಬ್ಯಾಟರಿ ತಂತಿ ಬಿಚ್ಚಿ, ಆ ಮಾತುಕತೆ ಸಾಗುವ ಎರಡು ಕ್ಯಾನ್ ವೈರುಗಳ ನಡುವೆ ಮೀಟರ್ ಹಿಡಿಯಿರಿ. ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ಸಂಪರ್ಕ ತಪ್ಪಿದೆ.

ದೂರು ಒಂದು ಕಡೆ, ಅಪಾಯ ಇನ್ನೊಂದು ಕಡೆ

ಹುಡುಗನಿಗೆ ಎಡ ತಿರುವು ಕೆಟ್ಟದ್ದಾಗಿ ಕಂಡಿತ್ತು, ಬಲ ತಿರುವು ಚೆನ್ನಾಗಿದೆ ಅಂದಿದ್ದ. ನನಗೆ ಹೆದರಿಕೆ ಆಗಿದ್ದು ಆ ಬಲ ತಿರುವಿನದ್ದೇ.

ಮಳೆಯ ಅಂಕಿಯನ್ನೇ ಮತ್ತೆ ನೋಡಿ. ಎಡಕ್ಕೆ 35 ಎಂದು ನಂಬಿದ ಪೆಟ್ಟಿಗೆಯ ಲೆಕ್ಕದಲ್ಲಿ ತಿರುವಿಗೇ 0.70 ಹೋಗಿದೆ, ಉಳಿದದ್ದು ಸೊನ್ನೆ. ಸಹಜವಾಗಿ ಥ್ರಾಟಲ್ ಕತ್ತರಿಸುತ್ತದೆ. ಸವಾರನಿಗೆ ಸಿಟ್ಟು ಬರುತ್ತದೆ, ಆದರೆ ಬೀಳುವುದಿಲ್ಲ. ಬಲಕ್ಕೆ 25 ಎಂದು ನಂಬಿದಾಗ 0.52 ಉಳಿದಿದೆ ಎಂದುಕೊಳ್ಳುತ್ತದೆ. ನಿಜಕ್ಕೂ ಇರುವುದು 0.40. ಇರುವುದಕ್ಕಿಂತ ಮೂರರಲ್ಲಿ ಒಂದು ಪಾಲು ಜಾಸ್ತಿ ಇದೆ ಎಂಬ ಭ್ರಮೆ. ರಸ್ತೆಯ ಹಿಡಿತ ಎಷ್ಟೆಂದು ಪೆಟ್ಟಿಗೆಗೆ ಮೊದಲೇ ಗೊತ್ತಿರುವುದಿಲ್ಲ, ಒಳಗೆ ಬರೆದಿಟ್ಟ ಕೋಷ್ಟಕ ನೋಡಿ ನಡೆಯುತ್ತದೆ. ಹಾಗಾಗಿ ಇದು ನಿಖರ ಲೆಕ್ಕ ಅಲ್ಲ, ದಿಕ್ಕು ತೋರಿಸಲು ಮಾತ್ರ. ಚಕ್ರ ಜಾರತೊಡಗಿದರೆ ಎಬಿಎಸ್ ಆಗಲೂ ಬ್ರೇಕ್ ಬಿಡುತ್ತದೆ. ಆದರೆ ಒತ್ತಡ ಮೆಲ್ಲಗೆ ಏರಿಸಬೇಕಾದ ಜಾಗದಲ್ಲಿ ಬೇಗ ಏರಿಸಿರುತ್ತದೆ. ಬಲ ತಿರುವು ಚೆನ್ನಾಗಿ ಎಳೆಯುತ್ತಿತ್ತು ಅಂದರೆ ಅಲ್ಲಿ ಕಾವಲುಗಾರ ತೂಕಡಿಸುತ್ತಿದ್ದ ಎಂದರ್ಥ.

ಅದಕ್ಕೇ ಇಂಥ ದೂರು ಬಂದಾಗ ಟಿಸಿ ಆಫ್ ಮಾಡಿಕೊಂಡು ಓಡಿಸಿ ಎಂದು ಹೇಳಬೇಡಿ. ಟಿಸಿ ಆಫ್ ಆದರೂ ಬ್ರೇಕಿಗೆ ಹೋಗುವ ಕೋನದ ಅಂಕಿ ತಪ್ಪಾಗಿಯೇ ಇರುತ್ತದೆ.

ಅಳೆದದ್ದು ಹೀಗೆ

ಮೊದಲು ಸುಲಭದ್ದು. ಎರಡೂ ಟೈರ್ ಕಂಪನಿ ಅಳತೆಯವೇ, ಗಾಳಿ ಸರಿ. ಟೂಲ್ ಹಚ್ಚಿ, ನೆಟ್ಟಗಿನ ರಸ್ತೆಯಲ್ಲಿ 50ರಲ್ಲಿ ಕ್ಲಚ್ ಹಿಡಿದು ಬಿಟ್ಟಾಗ ಮುಂದಿನ ಹಿಂದಿನ ಚಕ್ರದ ವೇಗ ಸರಿಸಮ ಇತ್ತು. ಕೋಡ್ ಒಂದೂ ಇರಲಿಲ್ಲ. ಚಕ್ರದ ಕಡೆ ತಪ್ಪಿಲ್ಲ.

ಆಮೇಲೆ ಬೈಕನ್ನು ಸಮತಟ್ಟು ನೆಲದಲ್ಲಿ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಸ್ಟ್ಯಾಂಡ್ ನಂಬಬೇಡಿ, ನೆಲವನ್ನೂ ನಂಬಬೇಡಿ. ಹಿಂದಿನ ಬ್ರೇಕ್ ಡಿಸ್ಕ್‌ನ ಮುಖಕ್ಕೆ ರಸಮಟ್ಟ ಹಿಡಿದು ಡಿಸ್ಕ್ ನೆಟ್ಟಗೆ ನಿಂತಿದೆಯಾ ನೋಡಿ. ಡಿಸ್ಕ್ ಇರುವುದು ಚಕ್ರದ ಸಮಕ್ಕೇ, ಅದಕ್ಕಿಂತ ಒಳ್ಳೆಯ ಗುರುತು ಬೈಕಿನಲ್ಲಿ ಬೇರೆ ಇಲ್ಲ. ಒಂದು ಕಡೆ ಸ್ಟ್ಯಾಂಡಿನ ಕೆಳಗೆ ತೆಳು ತಗಡು ಕೊಟ್ಟು ನೆಟ್ಟಗೆ ಮಾಡಿದೆ. ಟೂಲಿನಲ್ಲಿ ವಾಲಿದ ಕೋನ ನೋಡಿದರೆ ಎಡಕ್ಕೆ 5.2 ಡಿಗ್ರಿ. ನೆಟ್ಟಗೆ ನಿಂತ ಬೈಕಿನಲ್ಲಿ ಸೊನ್ನೆಯ ಆಸುಪಾಸು ಇರಬೇಕಿತ್ತು.

ಕೆಲವು ಬೈಕುಗಳಲ್ಲಿ ನಿಂತಾಗ ಕೋನ ತೋರಿಸುವುದಿಲ್ಲ, ಪಕ್ಕದ ವೇಗವರ್ಧನೆ ಮಾತ್ರ ತೋರಿಸುತ್ತದೆ. ಅದರಿಂದಲೂ ನೋಡಬಹುದು. ನಿಂತ ಬೈಕಿನಲ್ಲಿ ತೂಗುಗುಂಡಿನ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. ನೆಟ್ಟಗೆ ಇದ್ದರೆ ಸೊನ್ನೆ, ಸೈಡ್ ಸ್ಟ್ಯಾಂಡ್ ಮೇಲೆ 12 ಡಿಗ್ರಿ ವಾಲಿದ್ದರೆ 0.21 ಜಿ, ಅಂದರೆ ಹತ್ತಿರ ಹತ್ತಿರ 2 ಮೀ/ಸೆ² ಬರಬೇಕು.

ನಿಂತ ಅಳತೆಯೊಂದನ್ನೇ ನಂಬಿ ಕೈಹಾಕಲು ನನಗೆ ಮನಸ್ಸಾಗಲಿಲ್ಲ. ಪರಿಚಯದವರ ತೋಟದಲ್ಲಿ ಕಾಫಿ ಒಣಗಿಸುವ ದೊಡ್ಡ ಕಣ ಇದೆ. ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿ, ಅವತ್ತು ಒಣಗಿತ್ತು. ಸುಣ್ಣದ ಪುಡಿಯಲ್ಲಿ 8 ಮೀಟರ್ ತ್ರಿಜ್ಯದ ವೃತ್ತ ಎಳೆದೆವು. ಎರಡನೇ ಗೇರಿನಲ್ಲಿ 20 ಕಿ.ಮೀ ವೇಗದಲ್ಲಿ ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು. ಮೈಯನ್ನು ಬೈಕಿನ ಜೊತೆಗೇ ಇಟ್ಟುಕೊಳ್ಳಬೇಕು, ಒಂದು ಕಡೆಗೆ ಜೋತುಬಿದ್ದರೆ ಅಂಕಿ ಕೆಡುತ್ತದೆ. ಲೆಕ್ಕದ ಪ್ರಕಾರ ಎರಡೂ ಕಡೆ 21-22 ಡಿಗ್ರಿ ಬರಬೇಕು. ರೆಕಾರ್ಡ್ ನೋಡಿದರೆ ಎಡಕ್ಕೆ 27, ಬಲಕ್ಕೆ 17. ಎರಡನ್ನೂ ಕೂಡಿ ಅರ್ಧ ಮಾಡಿದರೆ 22, ಅದು ನಿಜವಾದ ಕೋನ. ಕಳೆದು ಅರ್ಧ ಮಾಡಿದರೆ 5, ಅದು ಪೆಟ್ಟಿಗೆಯ ಓರೆ. ನಿಂತಾಗ ಬಂದ ಅಂಕಿಯೂ ಅದೇ. ಸೆನ್ಸರ್ ಒಳಗೆ ಚೆನ್ನಾಗಿಯೇ ಇದೆ, ಅದು ತಾನು ಕೂತ ಹಾಗೆ ಸತ್ಯವನ್ನೇ ಹೇಳುತ್ತಿದೆ ಎಂದು ಖಾತ್ರಿಯಾಯಿತು. ಸೆನ್ಸರೇ ಕೆಟ್ಟಿದ್ದರೆ ಎರಡು ಕಡೆಯ ತಪ್ಪು ಹೀಗೆ ಅಳೆದು ಕೊಟ್ಟ ಹಾಗೆ ಸಮ ಇರುತ್ತಿರಲಿಲ್ಲ.

ಸೀಟಿನ ಕೆಳಗೆ

ಸೀಟ್ ತೆಗೆದೆವು. ಹಿಂದೆ ಹೊಸ ಲಗೇಜ್ ರ‍್ಯಾಕ್ ಹಾಕಿಸಿದ್ದ. ಯಾವಾಗ ಎಂದು ಕೇಳಿದರೆ ಎರಡು ತಿಂಗಳ ಹಿಂದೆ ಅಂದ. ತೊಂದರೆ ಯಾವಾಗಿನಿಂದ ಎಂದರೆ, "ಅದೂ ಎರಡು ತಿಂಗಳಿಂದಲೇ ಅಣ್ಣಾ" ಅಂದು ತಲೆ ಕೆರೆದುಕೊಂಡ.

ರ‍್ಯಾಕಿನ ಬೋಲ್ಟ್ ತೂರಿಸಲು ಯಾರೋ ಐಎಂಯು ಬ್ರಾಕೆಟ್ ಬಿಚ್ಚಿದ್ದರು. ವಾಪಸ್ ಹಾಕುವಾಗ ಎರಡು ಸ್ಕ್ರೂಗಳಲ್ಲಿ ಒಂದೇ ಹಾಕಿದ್ದರು. ಒಂದು ರಬ್ಬರ್ ಬುಶ್ ಕಾಣೆ. ಆ ತುದಿಯನ್ನು ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದರು. ಕನೆಕ್ಟರನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಟೂಲಿನಲ್ಲಿ 5.2 ಇದ್ದದ್ದು 3ಕ್ಕೆ ಇಳಿಯಿತು. ಬಿಟ್ಟರೆ ಮತ್ತೆ ಏರಿತು. ಹುಡುಗ ಸ್ಕ್ರೀನ್ ನೋಡುತ್ತಾ ನಿಂತುಬಿಟ್ಟ.

ಕೋಡ್ ಯಾಕೆ ಬರಲಿಲ್ಲ ಎಂಬುದಕ್ಕೂ ಇದರಲ್ಲೇ ಉತ್ತರ ಇದೆ ಎಂದು ನನ್ನ ಅಂದಾಜು. ಐಎಂಯು ಬದುಕಿದೆ, ಮಾತಾಡುತ್ತಿದೆ, ಹೇಳುವ ಅಂಕಿ ಅಸಾಧ್ಯವಾದದ್ದೂ ಅಲ್ಲ. ಸಣ್ಣ ಓರೆಯನ್ನು ನೆಟ್ಟಗಿನ ರಸ್ತೆಯಲ್ಲಿ ಓಡುವಾಗ ಮೆಲ್ಲಗೆ ಕಲಿತು ಕಳೆಯುವ ಬೈಕುಗಳೂ ಇವೆ. ಆದರೆ ಇಲ್ಲಿ ಓರೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಪ್ರತಿ ಗುಂಡಿಗೂ ಸ್ವಲ್ಪ ಸರಿಯುತ್ತಿತ್ತು. ಮೇಲಾಗಿ ಘಾಟಿಯಲ್ಲಿ ಕಲಿಯಲು ನೆಟ್ಟಗಿನ ರಸ್ತೆ ಎಲ್ಲಿದೆ?

ಆ ಬೈಕಿನದೇ ಬುಶ್ ಮತ್ತು ಸ್ಕ್ರೂ ತರಿಸಿದೆ. ಬೇರೆ ಗಟ್ಟಿ ರಬ್ಬರ್ ಕತ್ತರಿಸಿ ಹಾಕಬೇಡಿ. ಎಂಜಿನ್ನಿನ ನಡುಕ ಎಷ್ಟು ಒಳಗೆ ಹೋಗಬೇಕು ಎಂದು ನೋಡಿಯೇ ಆ ಬುಶ್ ಮಾಡಿರುತ್ತಾರೆ, ಸಿಂಗಲ್ ಸಿಲಿಂಡರ್ ಬೈಕಿನಲ್ಲಂತೂ ನಡುಕವೇ ಗೈರೋವನ್ನು ದಾರಿ ತಪ್ಪಿಸಬಹುದು. ಬ್ರಾಕೆಟ್ ಬಿಚ್ಚಿ ಗಾಜಿನ ಮೇಲಿಟ್ಟು ಬಾಗಿಲ್ಲವೆಂದು ನೋಡಿಕೊಂಡೆ. ಪೆಟ್ಟಿಗೆಯ ಮೇಲಿನ ಬಾಣದ ಗುರುತು ಪುಸ್ತಕದಲ್ಲಿ ತೋರಿಸಿದ ದಿಕ್ಕಿಗೇ ಇರಬೇಕು, ಸ್ಕ್ರೂ ಪುಸ್ತಕ ಹೇಳಿದಷ್ಟೇ ಬಿಗಿಯಬೇಕು.

ಸೊನ್ನೆ ಮಾಡುವುದು ಇಷ್ಟೆಲ್ಲ ಆದ ಮೇಲೆ. ಟೂಲಿನಲ್ಲಿ ಆ ಸೌಲಭ್ಯ ಇದೆ ಎಂದು ಮೊದಲೇ ಅದನ್ನು ಒತ್ತುವವರಿದ್ದಾರೆ. ಓರೆ ಕೂತ ಪೆಟ್ಟಿಗೆಗೆ ಸೊನ್ನೆ ಮಾಡಿದರೆ ಗ್ಯಾರೇಜಿನಲ್ಲಿ ಅಂಕಿ ಚೆಂದ ಕಾಣುತ್ತದೆ, ಮುಂದಿನ ಗುಂಡಿಯಲ್ಲಿ ಪೆಟ್ಟಿಗೆ ಸರಿದಾಗ ಮತ್ತೆ ಅದೇ ಕತೆ. ಇನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸೊನ್ನೆ ಮಾಡಿದರೆ 12 ಡಿಗ್ರಿ ವಾಲಿದ್ದನ್ನೇ ನೆಟ್ಟಗೆ ಎಂದು ಬೈಕಿಗೆ ಪಾಠ ಹೇಳಿದ ಹಾಗೆ. ಡಿಸ್ಕಿಗೆ ರಸಮಟ್ಟ ಹಿಡಿದು, ಬೈಕನ್ನು ಯಾರೂ ಮುಟ್ಟದೆ ಇರುವಾಗಲೇ ಮಾಡಬೇಕು.

ಕೂರಿಸಿದ ಮೇಲೆ, ಸೊನ್ನೆ ಮಾಡುವ ಮೊದಲೇ, ಕೋನ 0.4ಕ್ಕೆ ಬಂದಿತ್ತು. ಸೊನ್ನೆ ಮಾಡಿ ಮತ್ತೆ ಕಣಕ್ಕೆ ಹೋದೆವು. ಎಡಕ್ಕೆ 22, ಬಲಕ್ಕೆ 21.5. ಬೆರಳಲ್ಲಿ ಒತ್ತಿದರೂ ಅಂಕಿ ಅಲುಗಲಿಲ್ಲ.

ಮುಂದಿನ ವಾರ ಘಾಟಿ ಹತ್ತಿ ಬಂದವನು ಫೋನ್ ಮಾಡಿದ. ಎಡ ತಿರುವು ಸರಿಹೋಗಿದೆ ಅಂದ. "ಆದ್ರೆ ಅಣ್ಣಾ, ಈಗ ಬಲಕ್ಕೆ ತಿರುಗುವಾಗ ಒಂದೆರಡು ಸಲ ದೀಪ ಮಿನುಗಿತು. ಮುಂಚೆ ಮಿನುಗ್ತಿರಲಿಲ್ಲ" ಎಂದು ರಾಗ ಎಳೆದ. ರಸ್ತೆ ಹೇಗಿತ್ತು ಎಂದು ಕೇಳಿದೆ. ಒದ್ದೆ ಇತ್ತಂತೆ, ಮೇಲೆ ಎಲೆ ಬಿದ್ದಿದ್ದವಂತೆ.

"ಹಾಗಾದ್ರೆ ಮಿನುಗಲಿ ಬಿಡು" ಅಂದೆ.